ಐವತ್ತನೇ ಹುಟ್ಟುಹಬ್ಬಕ್ಕೆ ಒಂದು ದೊಡ್ಡ ಉಡುಗೊರೆಯೋ, ಐವತ್ತು ಸಣ್ಣವೋ?

ಪ್ರಶ್ನೆ: ಮೇಡಮ್, ನಾವು ಬಾಗಲಕೋಟೆ ನವನಗರದವರು. ಸೆಪ್ಟೆಂಬರ್‌ನಲ್ಲಿ ನನ್ನ ಹೆಂಡತಿಗೆ 50 ತುಂಬುತ್ತದೆ, ಇನ್ನೂ ಮೂರು ತಿಂಗಳಿದೆ. 60 ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ಮಗ 'ಒಂದೇ ಬಂಗಾರದ್ದು ಕೊಡಿಸಿ, ಉಳಿತದೆ' ಅಂತಾನೆ. ಬೆಳಗಾವಿಯಲ್ಲಿರುವ ಮಗಳು '50 ವರ್ಷಕ್ಕೆ 50 ಸಣ್ಣ ಗಿಫ್ಟ್ ಕೊಡೋಣ ಅಪ್ಪಾ' ಅಂತಾಳೆ. ಹಿಂದೊಮ್ಮೆ ಇವಳು ಬಂಗಾರದ ಪಾಟ್ಲಿ ಬಳೆ ಮಾಡಿಸಬೇಕು ಅಂದಿದ್ದಳು. ಸೀರೆ ಅಂದರೂ ಇಷ್ಟ. ಯಾವುದು ಸರಿ?

ಉತ್ತರ: ಮಗನ ಮಾತಿನಿಂದಲೇ ಶುರು ಮಾಡೋಣ, ಯಾಕೆಂದರೆ ಬಂಗಾರಕ್ಕೆ ಲೆಕ್ಕ ಹಾಕಬಹುದು. ದರ ದಿನಾ ಏರಿಳಿಯುತ್ತದೆ, ಸುಲಭವಾಗಲಿ ಅಂತ 22 ಕ್ಯಾರೆಟ್‌ಗೆ ಗ್ರಾಮಿಗೆ 10,000 ಅಂತ ಇಟ್ಟುಕೊಳ್ಳೋಣ. ನೀವು ಅಂಗಡಿಗೆ ಹೋಗುವ ದಿನದ ದರ ಹಾಕಿ ಇದೇ ಲೆಕ್ಕ ಮತ್ತೆ ಮಾಡಿ. 5 ಗ್ರಾಮ್ ಬಂಗಾರ 50,000. ಮಜೂರಿ ಶೇಕಡಾ 12 ಅಂದರೆ 6,000. ಎರಡೂ ಸೇರಿ 56,000. ಅದಕ್ಕೆ ಶೇಕಡಾ 3 ಜಿಎಸ್‌ಟಿ, 1,680. ಒಟ್ಟು 57,680. ಅಂದರೆ ನಿಮ್ಮ 60 ಸಾವಿರಕ್ಕೆ ಸುಮಾರು ಅರ್ಧ ತೊಲ ಬಂಗಾರ ಕೈಗೆ ಬರುತ್ತದೆ. ಅದರಲ್ಲಿ 7,680 ರೂಪಾಯಿ ಅಂಗಡಿಯ ಮೆಟ್ಟಿಲು ಇಳಿಯುವಾಗಲೇ ಹೋಗಿರುತ್ತದೆ. ನಾಳೆ ಮಾರಲು ಹೋದರೆ ಮಜೂರಿಯನ್ನೂ ತೆರಿಗೆಯನ್ನೂ ಯಾರೂ ವಾಪಸ್ ಕೊಡುವುದಿಲ್ಲ. 'ಉಳಿತದೆ' ಅನ್ನುವ ಮಾತು ನಿಜ, ಆದರೆ ಪೂರ್ತಿ ಉಳಿಯುವುದಿಲ್ಲ.

ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಪಾಟ್ಲಿಯದು. ನಮ್ಮ ಕಡೆ ಪಾಟ್ಲಿ ಅಂದರೆ ಒಂದು ಜೊತೆ, ಹಸಿರು ಬಳೆಗಳ ಜೊತೆ ಇಡುವಂಥದ್ದು, ನಾಲ್ಕು ಮಂದಿಗೆ ಕಾಣುವಂಥದ್ದು. ಒಂದು ಜೊತೆ ಆಗಲು ಎರಡು ತೊಲವಾದರೂ ಬೇಕು. ಅರ್ಧ ತೊಲದಲ್ಲಿ ಪಾಟ್ಲಿ ಮಾಡಿಸಿದರೆ ಒಳಗೆ ಪೊಳ್ಳು, ಒತ್ತಿದರೆ ತಗ್ಗು ಬೀಳುತ್ತದೆ. ಅಕ್ಕಪಕ್ಕದವರು ಕೈ ಹಿಡಿದು ನೋಡಿದಾಗ ಮೊದಲ ಪ್ರಶ್ನೆ 'ಎಷ್ಟು ತೊಲ?' ಅಂತಲೇ ಇರುತ್ತದೆ, ಅಲ್ವಾ? ಆಗ ನಿಮ್ಮ ಮನೆಯವರು ಕೈ ಸೆರಗಿನೊಳಗೆ ಎಳೆದುಕೊಳ್ಳಬಾರದು.

ಇದು ಬರೀ ನಮ್ಮೂರ ಮಂದಿಯ ಸ್ವಭಾವ ಅಲ್ಲ. ಗ್ರಾಹಕರ ನಡವಳಿಕೆ ನಾನು ಪಾಠ ಮಾಡುವ ವಿಷಯ. 1998ರಲ್ಲಿ ಕ್ರಿಸ್ಟೋಫರ್ ಸೀ ಎಂಬ ಸಂಶೋಧಕರು ಉಡುಗೊರೆಯ ಬಗ್ಗೆಯೇ ಒಂದು ಪ್ರಯೋಗ ಮಾಡಿದ್ದರು. ಒಬ್ಬ 55 ಡಾಲರಿನ ಉಣ್ಣೆ ಕೋಟು ಕೊಟ್ಟ. ಅಂಥ ಕೋಟುಗಳು 50ರಿಂದ 500 ಡಾಲರ್‌ವರೆಗೆ ಸಿಗುತ್ತವೆ. ಇನ್ನೊಬ್ಬ 45 ಡಾಲರಿನ ಉಣ್ಣೆ ಸ್ಕಾರ್ಫ್ ಕೊಟ್ಟ. ಅವು ಸಿಗುವುದು 5ರಿಂದ 50 ಡಾಲರಿಗೆ. ಎರಡನ್ನೂ ಎದುರೆದುರು ಇಡದೆ ಬೇರೆ ಬೇರೆ ಜನರಿಗೆ ಒಂದೊಂದನ್ನೇ ಹೇಳಿ ಕೇಳಿದಾಗ, ಸ್ಕಾರ್ಫ್ ಕೊಟ್ಟವನೇ ಹೆಚ್ಚು ಉದಾರಿ ಅಂತ ಕಂಡ. ಖರ್ಚು ಮಾಡಿದ್ದು ಕಡಿಮೆ, ಆದರೆ ಅವನು ಕೊಟ್ಟದ್ದು ಸ್ಕಾರ್ಫ್‌ಗಳಲ್ಲೇ ಭಾರೀ ಸ್ಕಾರ್ಫ್. ಕೋಟಿನವನು ಕೊಟ್ಟದ್ದು ಕೋಟುಗಳಲ್ಲೇ ಅಗ್ಗದ್ದು.

60 ಸಾವಿರಕ್ಕೆ ಬರುವ ಬಂಗಾರ ಬಂಗಾರದ ಸಾಲಿನಲ್ಲಿ ತೀರಾ ಕೆಳಗೆ ನಿಲ್ಲುತ್ತದೆ. ಅದೇ ದುಡ್ಡಿನ ಅರ್ಧಕ್ಕೆ ಬರುವ ಇಳಕಲ್ ಸೀರೆ ಇಳಕಲ್ ಸೀರೆಗಳ ಸಾಲಿನಲ್ಲಿ ಮೇಲೆ ನಿಲ್ಲುತ್ತದೆ. ನನ್ನ ಉತ್ತರದ ಒಂದು ಭಾಗ ಇದು. ಬಾಗಲಕೋಟೆಯಲ್ಲಿ ಕೂತು ಇಳಕಲ್ ಸೀರೆ ಏನು ದೊಡ್ಡ ವಿಷಯ, ಮನೇಲಿ ನಾಲ್ಕಿವೆ ಅನ್ನಬಹುದು ನೀವು. ಆ ನಾಲ್ಕರಲ್ಲಿ ಕೈಮಗ್ಗದ್ದು ಎಷ್ಟು, ಶುದ್ಧ ರೇಷ್ಮೆಯದು ಎಷ್ಟು, ಕೈ ಕಸೂತಿಯದು ಎಷ್ಟು, ಒಮ್ಮೆ ತೆಗೆದು ನೋಡಿ. ಮೂರೂ ಇರುವ ಸೀರೆ ಬಹಳ ಮನೆಗಳಲ್ಲಿ ಒಂದೂ ಇರುವುದಿಲ್ಲ.

ಇನ್ನು ಮಗಳ ಮಾತು. 60 ಸಾವಿರವನ್ನು 50ರಿಂದ ಭಾಗಿಸಿದರೆ ಒಂದಕ್ಕೆ 1,200. ಇವತ್ತು ರಾತ್ರಿ ಮಗಳನ್ನು ಫೋನಿನಲ್ಲಿ ಕೂರಿಸಿಕೊಂಡು ಒಂದು ಹಾಳೆಯಲ್ಲಿ 50 ಹೆಸರು ಬರೆಯಿರಿ. ಮೊದಲ ಹತ್ತು ಚೆನ್ನಾಗಿ ಬರುತ್ತವೆ: ಅವರ ಹಳೇ ಫೋಟೊ ದೊಡ್ಡದು ಮಾಡಿಸುವುದು, ಇಷ್ಟದ ಅತ್ತರು, ಒಳ್ಳೇ ಚಪ್ಪಲಿ. ಹದಿನೈದರ ಹೊತ್ತಿಗೆ ಫೋಟೊ ಹಾಕಿದ ಮಗ್ಗು ಬರುತ್ತದೆ. ಆಮೇಲೆ ನೀರಿನ ಬಾಟಲಿ, ಕೀಚೈನು, ಮೇಣದ ಬತ್ತಿ. ಯಾವ ನಂಬರಿನಿಂದ 'ಏನಾದ್ರೂ ಬರಿ' ಅನ್ನಲು ಶುರು ಮಾಡಿದಿರಿ ನೋಡಿ, ಅಲ್ಲಿಗೆ ಗೆರೆ ಎಳೆಯಿರಿ. ಆ ಗೆರೆಯ ಕೆಳಗಿನದೆಲ್ಲ ಲೆಕ್ಕ ಭರ್ತಿಗೆ ಬಂದದ್ದು. ಪಡೆಯುವವರಿಗೂ ಅದು ಗೊತ್ತಾಗುತ್ತದೆ. ಹನ್ನೆರಡನೇ ಪೊಟ್ಟಣ ಬಿಚ್ಚುವ ಹೊತ್ತಿಗೆ ಅವರು ನಗುತ್ತಿರುವುದು ನಿಮಗೋಸ್ಕರ. ಅಷ್ಟೂ ಸಾಮಾನನ್ನು ಆಮೇಲೆ ಒರೆಸಿ ಇಡುವ ಕೆಲಸವೂ ಅವರದ್ದೇ ಅಂತ ಬೇರೆ ಹೇಳಬೇಕಿಲ್ಲ.

ಆದರೂ ಮಗಳ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅದರಲ್ಲಿ ಒಂದು ನಿಜ ಇದೆ. ಅರ್ಥಶಾಸ್ತ್ರದಲ್ಲಿ 2017ರ ನೊಬೆಲ್ ಪಡೆದ ರಿಚರ್ಡ್ ಥೇಲರ್ 1985ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸರಳ ಪ್ರಶ್ನೆ ಇದೆ. ಒಬ್ಬನಿಗೆ ಎರಡು ಲಾಟರಿ ಹೊಡೆಯಿತು, ಒಂದರಲ್ಲಿ 50 ಡಾಲರ್, ಇನ್ನೊಂದರಲ್ಲಿ 25. ಮತ್ತೊಬ್ಬನಿಗೆ ಒಂದೇ ಲಾಟರಿಯಲ್ಲಿ 75. ಯಾರಿಗೆ ಖುಷಿ ಜಾಸ್ತಿ? ಹೆಚ್ಚಿನವರು ಎರಡು ಸಲ ಗೆದ್ದವನಿಗೆ ಅಂದರು. ಖುಷಿ ದುಡ್ಡಿನ ಜೊತೆ ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ. ಮೊದಲ ರೂಪಾಯಿಗಳು ಕೊಡುವ ಖುಷಿಯನ್ನು ಕೊನೆಯ ರೂಪಾಯಿಗಳು ಕೊಡುವುದಿಲ್ಲ. ಹಾಗಾಗಿ ಒಳ್ಳೆಯದನ್ನು ಬಿಡಿಬಿಡಿಯಾಗಿ ಕೊಟ್ಟರೆ ಒಟ್ಟು ಖುಷಿ ಜಾಸ್ತಿ.

ಹಾಗಾದರೆ 50 ಗಿಫ್ಟೇ ಸರಿ ಅಲ್ವಾ ಅನ್ನಬಹುದು. ಇಲ್ಲ. 2012ರಲ್ಲಿ ಕಿಂಬರ್ಲಿ ವೀವರ್, ಸ್ಟೀಫನ್ ಗಾರ್ಸಿಯಾ, ನಾರ್ಬರ್ಟ್ ಶ್ವಾರ್ಟ್ಸ್ ಎಂಬ ಮೂವರು ಇದಕ್ಕೆ ಉಲ್ಟಾ ಕಾಣುವ ಸಂಗತಿ ತೋರಿಸಿದರು. ಹಾಡು ಕೇಳುವ ಐಪಾಡ್, ಅದಕ್ಕೊಂದು ಕವರ್. ಒಂದು ಗುಂಪಿಗೆ ಅಷ್ಟೇ ತೋರಿಸಿ ಎಷ್ಟು ಕೊಡುತ್ತೀರಿ ಅಂದರು. ಇನ್ನೊಂದು ಗುಂಪಿಗೆ ಅದರ ಜೊತೆ ಒಂದು ಹಾಡು ಉಚಿತ ಅಂತ ಸೇರಿಸಿದರು. ಎರಡನೇ ಗುಂಪು ಕೊಡಲು ಒಪ್ಪಿದ್ದು ಕಡಿಮೆ ದುಡ್ಡು! ಕೊಡುವವರು ಮಾತ್ರ ಹಾಡು ಸೇರಿಸಿದರೆ ಚೆನ್ನಾಗಿ ಕಾಣುತ್ತದೆ ಅಂತಲೇ ನಂಬಿದ್ದರು. ಕೊಡುವವನು ಕೂಡುತ್ತಾ ಹೋಗುತ್ತಾನೆ, ಇದೂ ಇರಲಿ ಅದೂ ಇರಲಿ ಅಂತ. ಪಡೆಯುವವನು ಒಟ್ಟಿಗೆ ನೋಡಿ ಸರಾಸರಿ ತೆಗೆಯುತ್ತಾನೆ. ಭಾರೀ ಸಾಮಾನಿನ ಪಕ್ಕ ಹಗುರದ್ದು ಇಟ್ಟರೆ ಸರಾಸರಿ ಇಳಿಯುತ್ತದೆ.

ಈ ಎರಡು ಮಾತು ಒಂದಕ್ಕೊಂದು ಹೊಡೆದಾಡುತ್ತಿಲ್ಲ. ಥೇಲರ್ ಹೇಳಿದ್ದು ಬೇರೆ ಬೇರೆಯಾಗಿ ಬರುವ ಖುಷಿಯ ಬಗ್ಗೆ. ವೀವರ್ ಅವರದ್ದು ಒಂದೇ ಪೊಟ್ಟಣದಲ್ಲಿ ಬರುವುದರ ಬಗ್ಗೆ. ಹುಟ್ಟುಹಬ್ಬದ ದಿನ ಒಂದೇ ಮೇಜಿನ ಮೇಲೆ ಸೀರೆ, ಮಗ್ಗು, ಕೀಚೈನು ಎಲ್ಲ ಹರವಿದರೆ ಅದು ಒಂದು ಪೊಟ್ಟಣ, ಸರಾಸರಿ ಲೆಕ್ಕವೇ ಬೀಳುತ್ತದೆ. ಅದೇ ಸಣ್ಣವನ್ನು ವಾರ, ತಿಂಗಳು ಬಿಟ್ಟು ಒಂದೊಂದಾಗಿ ಕೊಟ್ಟರೆ ಪಕ್ಕದಲ್ಲಿ ಹೋಲಿಸಲು ಏನೂ ಇರುವುದಿಲ್ಲ. ಹಾಗಾಗಿ ಒಂದೋ ಹಲವೋ ಅಂತ ಜಗಳ ಮಾಡುವುದಕ್ಕಿಂತ, ಯಾವುದು ಯಾವಾಗ ಅಂತ ಗೊತ್ತು ಮಾಡಿಕೊಳ್ಳಿ. ನನ್ನ ಪ್ರಕಾರ ಆ ದಿನ ಒಂದೇ ಉಡುಗೊರೆ. ಉಳಿದವು ಆಮೇಲೆ, ವರ್ಷದುದ್ದಕ್ಕೂ.

ನಿಮ್ಮ 60 ಸಾವಿರವನ್ನು ನಾನಾದರೆ ಹೀಗೆ ಹಂಚುತ್ತೇನೆ: ಸೀರೆಗೆ 30 ಸಾವಿರ, ಕುಬಸ ಮತ್ತು ಹೊಲಿಗೆಗೆ 3 ಸಾವಿರ, ಆ ದಿನದ ಊಟಕ್ಕೆ 9 ಸಾವಿರ. ಉಳಿದ 18 ಸಾವಿರ ಮುಂದಿನ 12 ತಿಂಗಳಿಗೆ, ತಿಂಗಳಿಗೆ ಸರಾಸರಿ 1,500.

ಸೀರೆಗೆ ಈಗಲೇ ಹೊರಡಬೇಕು, ಆಗಸ್ಟ್‌ವರೆಗೆ ಕಾಯಬೇಡಿ. ಅಮೀನಗಡ, ಹುನಗುಂದ ದಾಟಿದರೆ ಇಳಕಲ್. ಅಲ್ಲಿ ನೇಕಾರರ ಮನೆಯಲ್ಲೋ ಸಹಕಾರ ಸಂಘದಲ್ಲೋ ಕೂತು ಕೈಮಗ್ಗದ್ದು, ರೇಷ್ಮೆ ಹಾಸು ರೇಷ್ಮೆ ಹೊಕ್ಕು ಬೇಕು ಅಂತ ಬಿಡಿಸಿ ಹೇಳಿ. 'ರೇಷ್ಮೆ' ಅಂದರೆ ಸಾಲದು. ಹತ್ತಿ ಹಾಸು ರೇಷ್ಮೆ ಹೊಕ್ಕಿನದೂ ಇದೆ, ಆರ್ಟ್ ಸಿಲ್ಕ್ ಅನ್ನುವ ಕೃತಕ ರೇಷ್ಮೆಯದೂ ಇದೆ. ಅವೂ ಚೆಂದವೇ, ಆದರೆ ಬೆಲೆ ಬೇರೆ. ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸೆರಗಿನ ತುದಿಯ ಕುಚ್ಚಿನಿಂದ ಒಂದು ಎಳೆ ಕೇಳಿ ತೆಗೆದುಕೊಂಡು ಸುಟ್ಟು ನೋಡಿ. ನಿಜ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಆರ್ಟ್ ಸಿಲ್ಕ್ ಕಾಗದ ಸುಟ್ಟ ಹಾಗೆ ಉರಿಯುತ್ತದೆ. ಎಳೆ ಕೇಳಿದರೆ ಮುಖ ಸಿಂಡರಿಸುವ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ.

ಆಮೇಲೆ ಸೆರಗು ಶುರುವಾಗುವ ಜಾಗ ನೋಡಿ. ಇಳಕಲ್ ಸೀರೆಯ ಜೀವ ಅಲ್ಲಿದೆ. ಮೈಯ ಹಾಸು ಬೇರೆ, ಟೋಪ್ ತೆನಿ ಸೆರಗಿನ ಕೆಂಪು ಹಾಸು ಬೇರೆ. ನೇಯುವ ಮೊದಲು ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಗಾಗಿ ಸೆರಗಿನಲ್ಲಿ ಉದ್ದಕ್ಕೆ ಓಡುವ ಎಳೆಗಳಲ್ಲಿ ಮೈಬಣ್ಣ ಇರುವುದಿಲ್ಲ, ಕೆಂಪು ಕೆಂಪಾಗಿಯೇ ಇರುತ್ತದೆ. ಕೊಂಡಿ ಹಾಕದೆ ಒಂದೇ ಹಾಸಿನಲ್ಲಿ ನೇಯ್ದದ್ದಾದರೆ ಮೈಯ ಎಳೆಗಳೇ ಸೆರಗಿನವರೆಗೂ ಓಡುತ್ತವೆ, ಕೆಂಪು ಮಂಕಾಗಿ ಕಾಣುತ್ತದೆ. ಸೆರಗನ್ನು ಬಾಗಿಲಿನ ಬೆಳಕಿಗೆ ಹಿಡಿದರೆ ಕೊಂಡಿಗಳ ಸಣ್ಣ ಗೆರೆ ಕಾಣುತ್ತದೆ. ಅದನ್ನು ನೇಕಾರರಿಂದಲೇ ತೋರಿಸಿಕೊಳ್ಳಿ, ಮುಂದೆ ನಿಮ್ಮ ಮನೆಯವರಿಗೆ ನೀವು ತೋರಿಸಬಹುದು.

ಕಸೂತಿಗೆ ಟೈಮ್ ಬೇಕು, ಆಗಸ್ಟ್‌ವರೆಗೆ ಕಾಯಬೇಡಿ ಅಂದದ್ದು ಇದಕ್ಕೇ. ಕೈ ಕಸೂತಿಯಲ್ಲಿ ಚಿತ್ರ ಬರೆದುಕೊಂಡು ಹೊಲಿಯುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಸೆರಗು ಮತ್ತು ಮೈಯ ಮೇಲೆ ಎಷ್ಟು ದಟ್ಟವಾಗಿ ತೇರು, ಗೋಪುರ, ತುಳಸಿ ವೃಂದಾವನ ಹಾಕಿಸುತ್ತೀರಿ ಅನ್ನುವುದರ ಮೇಲೆ ಬೆಲೆ ಮತ್ತು ದಿನ ಎರಡೂ ನಿಂತಿವೆ. ಸೆರಗಿಗೆ ದಟ್ಟ, ಮೈಗೆ ಅಲ್ಲಲ್ಲಿ ಬುಟ್ಟಾ, ಅಷ್ಟು ಸಾಕು. ಗವಂತಿ ಹೊಲಿಗೆ ಆದರೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ. ಸೀರೆ ಕೈಗೆ ಬಂದಾಗ ತಿರುಗಿಸಿ ನೋಡಿ. ಹಿಂದೆ ದಾರದ ಗೊಂಚಲು, ಅಂಟಿಸಿದ ಬಟ್ಟೆ ಕಂಡರೆ ಅದು ಮಷಿನ್ ಕಸೂತಿ, ಕೈ ಕೆಲಸದ ಬೆಲೆ ಕೊಡಬೇಡಿ. ಎಷ್ಟು ದಿನಕ್ಕೆ ಕೊಡುತ್ತೀರಿ ಅಂತ ಕೇಳಿ, ನಿಮಗೆ ಬೇಕಾದ ತಾರೀಖಿಗಿಂತ ಮೂರು ವಾರ ಮೊದಲಿನ ತಾರೀಖು ಹೇಳಿ. ಮಧ್ಯೆ ಹಬ್ಬಗಳ ಸಾಲು ಇದೆ, ತಡವಾಗಿಯೇ ಆಗುತ್ತದೆ.

ಆ ಮೂರು ವಾರ ಯಾಕೆ ಅಂದರೆ ಕುಬಸಕ್ಕೆ. ಗುಳೇದಗುಡ್ಡದ ಖಣ ನಿಮಗೆ ಹತ್ತಿರವೇ ಸಿಗುತ್ತದೆ. ಸಣ್ಣದು ಪಕ್ಕಕ್ಕೆ ಇಟ್ಟರೆ ದೊಡ್ಡದರ ಬೆಲೆ ಇಳಿಯುತ್ತದೆ ಅಂದೆನಲ್ಲ, ಖಣಕ್ಕೆ ಆ ಮಾತು ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದು ಸೀರೆಯ ಪಕ್ಕದ ಇನ್ನೊಂದು ಸಾಮಾನು ಅಲ್ಲ, ಸೀರೆಯನ್ನು ಪೂರ್ತಿ ಮಾಡುವ ಭಾಗ. ಅವರು ಯಾವಾಗಲೂ ಕೊಡುವ ಟೇಲರ್ ಹತ್ತಿರ ಅಳತೆ ಇರುತ್ತದೆ. ಇಲ್ಲವಾದರೆ ಈಗ ಹಾಕುತ್ತಿರುವ, ಸರಿ ಕೂರುವ ಒಂದು ಜಂಪರ್ ಕೊಡಿ. ಐದು ವರ್ಷ ಹಿಂದಿನದ್ದು ಬೇಡ! ಫಾಲ್, ಪಿಕೋ ಎಲ್ಲ ಮುಗಿದಿರಲಿ. ಬರೀ ಸೀರೆ ಕೈಗಿಟ್ಟರೆ ಅವರಿಗೆ ಸಿಗುವುದು ಟೇಲರ್ ಅಂಗಡಿಗೆ ಎರಡು ಸಲ ಓಡಾಟ, ಹುಟ್ಟುಹಬ್ಬದ ದಿನ ಉಡಲು ಹಳೇ ಸೀರೆ. ಕೊಡುವವರು ಪೊಟ್ಟಣ ಬಿಚ್ಚುವ ಆ ಗಳಿಗೆಯನ್ನೇ ನೆನೆಯುತ್ತಾರೆ, ಪಡೆಯುವವರಿಗೆ ಅದನ್ನು ಬಳಸುವ ದಿನಗಳು ಮುಖ್ಯ.

ಆ ದಿನ ಬೇರೆ ಪೊಟ್ಟಣ ಬೇಡ. ಹೂವು ಬೇಕಾದರೆ ಮುಡಿಯಲು ಮಲ್ಲಿಗೆ, ಅದನ್ನು ಉಡುಗೊರೆ ಅಂತ ಯಾರೂ ಎಣಿಸುವುದಿಲ್ಲ.

ಇನ್ನು 12 ತಿಂಗಳ ಸಣ್ಣವು. ಇಲ್ಲಿ ಎಡವುವವರೇ ಜಾಸ್ತಿ. ಮೊದಲ ಎರಡು ತಿಂಗಳು ಹುರುಪು ಇರುತ್ತದೆ, ಮೂರನೇ ತಿಂಗಳು ಸಕ್ಕರೆ ಕಾರ್ಖಾನೆಯ ಬಿಲ್ ಬರಲಿಲ್ಲ, ಮನೆ ರಿಪೇರಿ ಬಂತು ಅಂತ ನಿಂತು ಹೋಗುತ್ತದೆ. ಹಾಗಾಗಿ 18 ಸಾವಿರವನ್ನು ಈಗಲೇ ಬೇರೆ ಖಾತೆಗೆ ಹಾಕಿ. ಇನ್ನೊಂದು, 'ಈ ವರ್ಷ ಪೂರ್ತಿ ತಿಂಗಳಿಗೊಂದು ಕೊಡ್ತೀನಿ' ಅಂತ ಬಾಯಿಬಿಟ್ಟು ಹೇಳಬೇಡಿ. ಹೇಳಿದರೆ ಅದು ಕೊಡಬೇಕಾದ ಬಾಕಿ ಆಗುತ್ತದೆ. ಹನ್ನೊಂದು ಕೊಟ್ಟು ಒಂದು ತಪ್ಪಿಸಿದರೆ ಆ ಒಂದೇ ನೆನಪಿರುತ್ತದೆ. ಹೇಳದೆ ಕೊಟ್ಟರೆ ಎಂಟು ಕೊಟ್ಟರೂ ಎಂಟೂ ಅಚ್ಚರಿಯೇ. ಪ್ರತಿ ತಿಂಗಳು ಒಂದನೇ ತಾರೀಖು ಅಂತಲೂ ಇಟ್ಟುಕೊಳ್ಳಬೇಡಿ. ಒಂದು ತಿಂಗಳು ಬಿಟ್ಟು ಇನ್ನೊಂದರಲ್ಲಿ ಎರಡು ಬಂದರೂ ತೊಂದರೆಯಿಲ್ಲ.

ಮನೆಯಲ್ಲಿ ಜಾಗ ಹಿಡಿಯದಂಥವನ್ನು ಆರಿಸಿ. ಜನವರಿ ಹೊತ್ತಿಗೆ ಬನದ ಹುಣ್ಣಿಮೆ ಬರುತ್ತದೆ, ಬಾದಾಮಿ ಬನಶಂಕರಿ ಜಾತ್ರೆ. ಹಗಲು ದರ್ಶನ ಮಾಡಿ ಬರುವುದು ಎಲ್ಲರೂ ಮಾಡುತ್ತಾರೆ. ನೀವು ರಾತ್ರಿ ಉಳಿದು ಕಂಪನಿ ನಾಟಕಕ್ಕೆ ಮುಂದಿನ ಸಾಲಿನ ಎರಡು ಟಿಕೆಟ್ ತೆಗೆಯಿರಿ, ಬೆಳಗಿನ ಜಾವ ಮನೆಗೆ ಬನ್ನಿ. ಜುಲೈ ಆಗಸ್ಟ್‌ನಲ್ಲಿ ಘಟಪ್ರಭೆ ತುಂಬಿದಾಗ ಗೋಕಾಕ ಫಾಲ್ಸ್. ಮಧ್ಯೆ ಒಂದು ಭಾನುವಾರ ಅವರು ಒಲೆ ಹತ್ತಿಸದಂತೆ ನೋಡಿಕೊಂಡು, ಅವರ ಗೆಳತಿಯರನ್ನು ಕರೆದು ಹೊರಗಿಂದ ಊಟ ತರಿಸುವುದೂ ಒಂದು. ಪೂರ್ತಿ ಪಟ್ಟಿ ನಾನು ಕೊಡುವುದಿಲ್ಲ, ನಿಮ್ಮ ಮಗಳ ಹಾಳೆಯ ಗೆರೆಯ ಮೇಲಿನ ಹತ್ತು ಹದಿನೈದು ಇವೆಯಲ್ಲ, ಅವು ಇಲ್ಲಿಗೇ ಬರಬೇಕು.

ಈಗ ಪಾಟ್ಲಿಗೆ ವಾಪಸ್ ಬರೋಣ. ಅವರು 'ಹಿಂದೊಮ್ಮೆ' ಹೇಳಿದ್ದು ಯಾವಾಗ? ಹತ್ತು ವರ್ಷದ ಹಿಂದೆ ಯಾರದೋ ಮದುವೆಯಲ್ಲಿ ನೋಡಿ ಹೇಳಿದ್ದಾದರೆ ಬಿಡಿ. ಈ ಎರಡು ವರ್ಷದಲ್ಲಿ ಎರಡು ಮೂರು ಸಲ ಹೇಳಿದ್ದಾರೆ ಅಂದರೆ ನಾನು ಇಷ್ಟೊತ್ತು ಹೇಳಿದ ಸೀರೆ ಲೆಕ್ಕ ಬದಿಗಿಡಿ. ಬಾಯಿಬಿಟ್ಟು ಕೇಳಿದ್ದನ್ನು ಬಿಟ್ಟು ಬೇರೆ ಏನು ಕೊಟ್ಟರೂ, ಅದು ಎಷ್ಟೇ ಚೆಂದ ಇದ್ದರೂ, 'ನಾ ಹೇಳಿದ್ದು ಕಿವಿಗೆ ಬಿದ್ದಿಲ್ಲ' ಅನ್ನಿಸುತ್ತದೆ. ಆಗಲೂ ಅರ್ಧ ತೊಲದ ಪಾಟ್ಲಿ ಮಾತ್ರ ಬೇಡ. ಅವರನ್ನೇ ಕೂರಿಸಿಕೊಂಡು 'ಇಷ್ಟಿದೆ, ಉಳಿದದ್ದಕ್ಕೆ ಒಂದೆರಡು ವರ್ಷ ಆಗಬಹುದು, ಈಗಿನ ದುಡ್ಡು ಇದಕ್ಕೇ ಇಡೋಣವಾ?' ಅಂತ ಕೇಳಿ. ಅಚ್ಚರಿ ಹೋಗುತ್ತದೆ, ಹೋಗಲಿ. ಹಳೇ ಬಂಗಾರ ಹಾಕಿ ತೂಕ ಕೂಡಿಸುವ ಉಪಾಯ ನಿಮಗೆ ಈಗಾಗಲೇ ಹೊಳೆದಿರಬೇಕು. ಅವರಿಗೆ ಹೇಳದೆ ಲಾಕರಿನಿಂದ ತವರುಮನೆಯ ಗುಂಡಿನ ಸರ ತೆಗೆದು ಕರಗಿಸಿಬಿಟ್ಟೀರಿ ಮತ್ತೆ! ಅದರ ತೂಕ ಗ್ರಾಮಿನಲ್ಲಿ ಅಳೆಯುವಂಥದ್ದಲ್ಲ.

ಮಗ ಬಂಗಾರ ಬಿಡುವುದಿಲ್ಲ, ಸಣ್ಣ ಸಣ್ಣದೇ ನಾಲ್ಕು ಕೊಡೋಣ ಅಂದರೆ ಒಂದು ಸಂಗತಿ ಗೊತ್ತಿರಲಿ. ಎರಡು ಗ್ರಾಮಿಗಿಂತ ಕಡಿಮೆ ತೂಕದ ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಐದು ಗ್ರಾಮನ್ನು ಬೆಂಡೋಲೆ, ಮೂಗಬಟ್ಟು, ಪದಕ ಅಂತ ಹಂಚಿದರೆ ಯಾವುದರ ಮೇಲೂ ಗುರುತು ಇಲ್ಲದೇ ಹೋಗಬಹುದು. ಸಣ್ಣ ಕೆಲಸಕ್ಕೆ ಮಜೂರಿಯ ಶೇಕಡಾವಾರು ಕೂಡ ಸಾಮಾನ್ಯವಾಗಿ ಹೆಚ್ಚು. ಬಂಗಾರವೇ ಆದರೆ ಒಂದೇ ವಸ್ತು ಇರಲಿ. ಅದರ ಮೇಲೆ 22K916 ಗುರುತು, ಎಚ್‌ಯುಐಡಿ ಅನ್ನುವ ಆರು ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ ಇರಲಿ. ಆ ಆರನ್ನು ಮೊಬೈಲಿನ BIS Care ಆಪ್‌ನಲ್ಲಿ Verify HUID ಒತ್ತಿ ಹಾಕಿದರೆ ಯಾವ ಆಭರಣ, ಎಷ್ಟು ಶುದ್ಧ ಅಂತ ಬರುತ್ತದೆ. ಅಂಗಡಿಯಲ್ಲೇ, ದುಡ್ಡು ಕೊಡುವ ಮೊದಲೇ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣ ಮಾರಲು ಎಚ್‌ಯುಐಡಿ ಕಡ್ಡಾಯ.

ಮಕ್ಕಳಿಬ್ಬರಿಗೂ ಏನಾದರೂ ಕೊಡುವ ಆಸೆ ಇದ್ದೇ ಇರುತ್ತದೆ. ಅವರದ್ದನ್ನು ನಿಮ್ಮ ಸೀರೆಯ ಜೊತೆ ಅದೇ ಸಂಜೆ ಕೂಡಿಸಬೇಡಿ. ಮಗ ಬೆಳಿಗ್ಗೆಯೇ ಕೊಟ್ಟುಬಿಡಲಿ. ಮಗಳು ದಸರೆಗೆ ಬೆಳಗಾವಿಯಿಂದ ಬರುವಾಗ ತನ್ನದನ್ನು ತರಲಿ, ಕುಂದಾ ತರುವುದಂತೂ ಇದ್ದದ್ದೇ. ಈ ವಾರ ನೀವು ಮಾಡಬೇಕಾದ್ದು ಒಂದೇ ಕೆಲಸ. ಅವರ ಸೀರೆ ಕಪಾಟು ತೆಗೆದು ಯಾವ ಬಣ್ಣದ ಇಳಕಲ್ ಇಲ್ಲ ಅಂತ ನೋಡಿಕೊಂಡು, ಬರುವ ಭಾನುವಾರ ಇಳಕಲ್‌ಗೆ ಹೊರಡಿ.